ಆರು ನಿಮಿಷದ ಸ್ವಾಗತ ಭಾಷಣ: ನಾನು ಹೇಳಿದ್ದು, ಬಿಟ್ಟಿದ್ದು

ವಿಚಾರ ಸಂಕಿರಣದ ಸಂಘಟನಾ ಕಾರ್ಯದರ್ಶಿ ಆದವರ ತಲೆಗೆ ಸ್ವಾಗತ ಭಾಷಣವೂ ಬಂದೇ ಬರುತ್ತದೆ. ನಮ್ಮದು ಮೌಖಿಕ ಇತಿಹಾಸದ ಬಗ್ಗೆ ಎರಡು ದಿನದ ಸಂಕಿರಣ. ಉದ್ಘಾಟನೆಯಲ್ಲಿ ನನ್ನ ಪಾಲಿಗೆ ಬಂದದ್ದು ಆರು ನಿಮಿಷ. ಸಭೆಯಲ್ಲಿ ಬಿಡಿಸಿ ಮಾತಾಡಿದರೆ ನಿಮಿಷಕ್ಕೆ ನೂರು ಪದ ದಾಟುವುದು ಕಷ್ಟ. ಹೆಸರು, ಹುದ್ದೆ ಬಂದಾಗಂತೂ ಇನ್ನೂ ನಿಧಾನ. ಹಾಗಾಗಿ ಐನೂರು ಪದ ಮೀರಬಾರದು ಅಂತ ಮೊದಲೇ ಗೆರೆ ಎಳೆದುಕೊಂಡೆ.

ಬರೆಯೋಕೆ ಕೂರುವ ಮೊದಲು ನಿರೂಪಕಿ ಮತ್ತು ವಂದನಾರ್ಪಣೆ ಮಾಡುವವರ ಜೊತೆ ಕೂತು ಕೆಲಸ ಹಂಚಿಕೊಂಡೆ. ಇದನ್ನು ಮಾಡದಿದ್ದರೆ ಏನಾಗುತ್ತದೆ ಅಂತ ಎಲ್ಲರೂ ನೋಡಿದ್ದೇವೆ. ಉದ್ಘಾಟಕರ ಸಾಧನೆಯನ್ನು ನಿರೂಪಕರು ಹೇಳುತ್ತಾರೆ, ಸ್ವಾಗತಿಸುವವರು ಮತ್ತೆ ಹೇಳುತ್ತಾರೆ, ಪರಿಚಯ ಮಾಡುವವರು ಮೂರನೇ ಸಲ ಹೇಳುತ್ತಾರೆ. ಪಾಪ, ಅವರೇ ವೇದಿಕೆ ಮೇಲೆ ಮುಜುಗರಪಡುತ್ತಾರೆ. ನಮ್ಮ ಒಪ್ಪಂದ ಸರಳವಾಗಿತ್ತು: ಪರಿಚಯ ನಿರೂಪಕಿಯದು, ವಿವರವಾದ ಕೃತಜ್ಞತೆ ವಂದನಾರ್ಪಣೆಯದು. ನಾನು ಹೆಸರು, ಹುದ್ದೆ ಮತ್ತು ಅವರು ಇವತ್ತು ಇಲ್ಲಿರುವ ಕಾರಣ ಇಷ್ಟನ್ನು ಒಂದೊಂದು ವಾಕ್ಯದಲ್ಲಿ ಹೇಳುವುದು. ಮೊದಲು ಉದ್ಘಾಟಕರು, ಆಮೇಲೆ ಅಧ್ಯಕ್ಷರು, ದಿಕ್ಸೂಚಿ ಭಾಷಣಕಾರರು. ನಂತರ ಗೋಷ್ಠಿಗಳ ಅಧ್ಯಕ್ಷರನ್ನೂ ಪ್ರಬಂಧ ಮಂಡಿಸುವವರನ್ನೂ ಒಟ್ಟಾಗಿ ಸ್ವಾಗತಿಸಿದೆ. ವೇದಿಕೆಯ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದಿದ್ದೆ. ಕೊನೇ ಗಳಿಗೆಯಲ್ಲಿ ಯಾರಾದರೂ ಬರದಿದ್ದರೆ ಆ ಒಂದು ಹಾಳೆ ಬದಲಿಸಿದರೆ ಸಾಕು, ಭಾಷಣ ಕೆಡುವುದಿಲ್ಲ.

ನಿಜವಾಗಿ ತಲೆ ಕೆಡಿಸಿಕೊಂಡಿದ್ದು ನಡುವಿನ ಎರಡು ನಿಮಿಷಕ್ಕೆ. ಸಾಮಾನ್ಯವಾಗಿ ಇಲ್ಲಿ ವಿಷಯದ ಮಹತ್ವ ಹೇಳುತ್ತಾರೆ. ಅದನ್ನು ದಿಕ್ಸೂಚಿ ಭಾಷಣಕಾರರು ನನಗಿಂತ ಚೆನ್ನಾಗಿ ಹೇಳುತ್ತಾರೆ ಅಲ್ವಾ? ಆದರೆ ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ಕಾರ್ಯದರ್ಶಿಗೆ ಗೊತ್ತಿರುತ್ತದೆ. ಬಂದ ಸಾರಲೇಖಗಳನ್ನೆಲ್ಲ ಓದಿದವರು ನಾವು. ನಮಗೆ ಬಂದವುಗಳಲ್ಲಿ ಹೆಚ್ಚಿನವು ಹಿರಿಯರನ್ನು ಮಾತಾಡಿಸಿ ದಾಖಲಿಸಿಕೊಂಡ ಬಗ್ಗೆಯೇ ಇದ್ದವು. ದಾಖಲಿಸಿದ ಧ್ವನಿ ಆಮೇಲೆ ಎಲ್ಲಿಗೆ ಹೋಯಿತು, ಅದನ್ನು ಬಳಸಲು ಮಾತಾಡಿದವರ ಒಪ್ಪಿಗೆ ಇತ್ತಾ ಅಂತ ಕೇಳಿದವು ತೀರಾ ಕಡಿಮೆ. ಅದಕ್ಕೇ ಎರಡನೇ ದಿನ ಬೆಳಗ್ಗೆ ಅದೇ ವಿಷಯಕ್ಕೆ ಒಂದು ಗೋಷ್ಠಿ ಇಟ್ಟಿದ್ದೆವು. ಭಾಷಣದಲ್ಲಿ ಹೀಗಂದೆ: "ಇವತ್ತು ಮಾತನ್ನು ಹೇಗೆ ಕೇಳಿಸಿಕೊಂಡೆವು ಅಂತ ಚರ್ಚಿಸೋಣ. ನಾಳೆ, ಕೇಳಿಸಿಕೊಂಡ ಮಾತು ಯಾರದು ಅಂತ ಚರ್ಚಿಸೋಣ." ಕಾರ್ಯಕ್ರಮ ಪಟ್ಟಿ ಎಲ್ಲರ ಕೈಯಲ್ಲೂ ಇರುತ್ತದೆ, ಅದನ್ನೇ ಓದಿ ಹೇಳುವುದು ಸುಮ್ನೆ ದಂಡ. ಆ ದಿನಗಳನ್ನು ಹಾಗೆ ಜೋಡಿಸಿದ್ದು ಯಾಕೆ ಅನ್ನುವುದು ಪಟ್ಟಿಯಲ್ಲಿ ಇರುವುದಿಲ್ಲ. ಎರಡನೇ ದಿನ ಊಟಕ್ಕೆ ಮೊದಲೇ ಸಭಾಂಗಣ ಖಾಲಿಯಾಗುವ ರೋಗಕ್ಕೂ ಇದು ಸ್ವಲ್ಪ ಮದ್ದು.

ಇನ್ನು ಕೃತಜ್ಞತೆ. ಸಹಾಯ ಮಾಡಿದವರ ಪಟ್ಟಿ ಒಂದು ಪುಟ ಇತ್ತು. ಅದಕ್ಕೆ ಒಂದೇ ಜರಡಿ ಹಿಡಿದೆ: ಇವರು ಇಲ್ಲದಿದ್ದರೆ ಇವತ್ತು ಉದ್ಘಾಟನೆಯೇ ಆಗುತ್ತಿರಲಿಲ್ಲವೇ? ಉಳಿದದ್ದು ಮೂವರು. ಅನುದಾನ ಕೊಟ್ಟ ಸಂಸ್ಥೆ, ಸಭಾಂಗಣ ಮತ್ತು ವಸತಿ ಕೊಟ್ಟ ಆತಿಥೇಯ ಕಾಲೇಜು, ಸಾರಲೇಖಗಳನ್ನು ಪರಿಶೀಲಿಸಿದ ತಂಡ. ಊಟ, ಮುದ್ರಣ, ಧ್ವನಿವರ್ಧಕ, ಸ್ವಯಂಸೇವಕರು ಎಲ್ಲ ಸಮಾರೋಪದ ವಂದನಾರ್ಪಣೆಗೆ. ಅವರು ಕಡಿಮೆ ಅಂತಲ್ಲ. ಅವರ ಕೆಲಸ ಇನ್ನೂ ಮುಗಿದಿಲ್ಲ, ಮುಗಿದ ಮೇಲೆ ಹೇಳಿದರೆ ಚಪ್ಪಾಳೆ ಜೋರಾಗಿರುತ್ತದೆ.

ಮೊದಲ ಕರಡಿನಲ್ಲಿ "ಉದಾರ ಮನಸ್ಸಿನಿಂದ ನೆರವು ನೀಡಿದ ಸಂಸ್ಥೆಗೆ ಹೃತ್ಪೂರ್ವಕ ಧನ್ಯವಾದಗಳು" ಅಂತಿತ್ತು. ಅದನ್ನು ಹೊಡೆದುಹಾಕಿ, "ದೂರದಿಂದ ಬಂದ ಸಂಶೋಧನಾ ವಿದ್ಯಾರ್ಥಿಗಳ ಪ್ರಯಾಣ ವೆಚ್ಚ ಈ ಸಂಸ್ಥೆಯ ಅನುದಾನದಿಂದ ಬಂದಿದೆ, ಸಂಸ್ಥೆಗೆ ನಮ್ಮ ಕೃತಜ್ಞತೆ" ಅಂತ ಬರೆದೆ. ಉದ್ದ ಹೆಚ್ಚುಕಮ್ಮಿ ಎರಡರಷ್ಟಾಯಿತು, ಆದರೆ ಹಣ ಎಲ್ಲಿಗೆ ಹೋಯಿತು ಅಂತ ಸಭಿಕರಿಗೆ ಗೊತ್ತಾಗುತ್ತದೆ. ಸಂಸ್ಥೆಯ ಹೆಸರನ್ನು ಮಾತ್ರ ಮಂಜೂರಾತಿ ಪತ್ರದಲ್ಲಿ ಇದ್ದಂತೆಯೇ ಹೇಳಿದೆ. ಕೆಲವು ಪತ್ರಗಳಲ್ಲಿ ನೆರವನ್ನು ಹೇಗೆ ನಮೂದಿಸಬೇಕು ಅನ್ನುವ ಷರತ್ತೂ ಇರುತ್ತದೆ, ಓದಿ ನೋಡಬೇಕು.

ಸಭೆ ತಡವಾಗಿ ಶುರುವಾದರೆ ಏನು ಬಿಡಬೇಕು ಅಂತಲೂ ಹಾಳೆಯ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿದ್ದೆ. ಮೊದಲು ಬಿಡುವುದು ನಮ್ಮ ವಿಭಾಗದ ಹಿನ್ನೆಲೆ, ಆಮೇಲೆ ಸಾರಲೇಖಗಳ ಉದಾಹರಣೆ. ಹೆಸರುಗಳನ್ನೂ ಆ ಮೂರು ಕೃತಜ್ಞತೆಗಳನ್ನೂ ಎಷ್ಟೇ ತಡವಾದರೂ ಬಿಡುವಂತಿಲ್ಲ. ಆ ದಿನ ಕಾಲು ಗಂಟೆ ತಡವಾಯಿತು. ವಿಭಾಗದ ಹಿನ್ನೆಲೆ ಬಿಟ್ಟೆ. ಯಾರೂ ಕೇಳಲಿಲ್ಲ.