ಒಂದು ತಿದ್ದು, ಒಂದು ತೀರ್ಮಾನ: ಟ್ರ್ಯಾಕ್ ಚೇಂಜಸ್‌ನಲ್ಲಿ ನಾನು ಕರಡು ತಿದ್ದುವ ರೀತಿ

ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ಕೆಲಸ. ಲೇಖಕರು ಹಂಚಿಕೊಂಡ ವರ್ಡ್ ಫೈಲಿನಲ್ಲೇ, ಪ್ರತಿ ಬದಲಾವಣೆಯನ್ನೂ ಗುರುತು ಮಾಡಿ ತೋರಿಸುವ ಟ್ರ್ಯಾಕ್ ಚೇಂಜಸ್ ಆನ್ ಮಾಡಿ ತಿದ್ದುತ್ತೇನೆ. ಅವರು ಒಂದೊಂದೇ ತಿದ್ದನ್ನು ನೋಡಿ, ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಡುತ್ತಾರೆ. ಕೇಳಲು ಇಷ್ಟೇ. ಆದರೆ ಬಟನ್ ಆನ್ ಮಾಡಿದ ಮಾತ್ರಕ್ಕೆ ಲೇಖಕರ ಕೈಗೆ ಆಯ್ಕೆ ಸಿಗುವುದಿಲ್ಲ. ನಾವು ಯಾವ ಅಳತೆಯಲ್ಲಿ ತಿದ್ದುತ್ತೇವೋ ಆ ಅಳತೆಯಲ್ಲೇ ಅವರು ಒಪ್ಪಬಹುದು ಅಥವಾ ಬಿಡಬಹುದು. ಇಡೀ ವಾಕ್ಯವನ್ನು ಅಳಿಸಿ ಹೊಸದಾಗಿ ಟೈಪ್ ಮಾಡಿದರೆ, ಅವರಿಗೆ ಉಳಿಯುವುದು ಇಡೀ ವಾಕ್ಯ ಬೇಕಾ ಬೇಡವಾ ಅನ್ನುವ ಒಂದೇ ಪ್ರಶ್ನೆ.

ಕೈತೋಟದ ಬಗ್ಗೆ ಒಬ್ಬರು ಬರೆದ ಕರಡಿನಲ್ಲಿ ಈ ವಾಕ್ಯ ಇತ್ತು:

"ಬೇರು ಕೊಳೆಯದಂತೆ ತಡೆಯುವ ಸಲುವಾಗಿ ಪ್ರತಿದಿನ ನಿರು ಹಾಕುವುದನ್ನು ನಿಲ್ಲಿಸಬೇಕು ಏಕೆಂದರೆ ಹೆಚ್ಚಿನ ನೀರು ಬೇರಿಗೆ ಗಾಳಿ ಸಿಗದ ಹಾಗೆ ಮಾಡುತ್ತವೆ."

ಇದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಐದು ಸಂಗತಿ. 'ನಿರು' ಕಾಗುಣಿತದ ತಪ್ಪು. 'ನೀರು... ಮಾಡುತ್ತವೆ' ವ್ಯಾಕರಣದ ತಪ್ಪು, 'ಮಾಡುತ್ತದೆ' ಆಗಬೇಕು. 'ನಿಲ್ಲಿಸಬೇಕು' ಆದ ಮೇಲೆ ಪೂರ್ಣವಿರಾಮ ಬೇಕು. 'ಕೊಳೆಯದಂತೆ ತಡೆಯುವ ಸಲುವಾಗಿ' ಅನ್ನುವುದು 'ಕೊಳೆಯದಿರಲು' ಅಂದರೆ ಹಗುರವಾಗುತ್ತದೆ, ಆದರೆ ಅದು ತಪ್ಪಲ್ಲ, ನನ್ನ ರುಚಿ ಅಷ್ಟೇ. ಐದನೆಯದು ಅರ್ಥದ ಗೊಂದಲ. ನೀರು ಹಾಕುವುದನ್ನೇ ನಿಲ್ಲಿಸಬೇಕೋ, ಅಥವಾ ದಿನಾ ಹಾಕುವುದನ್ನು ಬಿಟ್ಟು ಆಗಾಗ ಹಾಕಬೇಕೋ?

ಮೊದಲ ನಾಲ್ಕನ್ನು ನಾಲ್ಕು ಬೇರೆ ಬೇರೆ ತಿದ್ದುಗಳಾಗಿ ಮಾಡಿದೆ. ಮಧ್ಯದ ಪದಗಳನ್ನು ಮುಟ್ಟಲಿಲ್ಲ. ಐದನೆಯದನ್ನು ತಿದ್ದಲೇ ಇಲ್ಲ, ಪಕ್ಕದಲ್ಲಿ ಕಾಮೆಂಟ್ ಹಾಕಿ ಕೇಳಿದೆ. ಯಾಕೆಂದರೆ ಉತ್ತರ ಗೊತ್ತಿರುವುದು ಬರೆದವರಿಗೆ. ನಾನೇ ಊಹಿಸಿ ತಿದ್ದಿದರೆ, ನೂರಾರು ತಿದ್ದುಗಳ ನಡುವೆ ಅವರು ಅದನ್ನೂ ಕಾಗುಣಿತದ ತಿದ್ದು ಅಂದುಕೊಂಡು ಒಪ್ಪಿಬಿಡಬಹುದು. ಆಗ ತಪ್ಪು ಮಾಹಿತಿ ಅವರ ಹೆಸರಿನಲ್ಲೇ ಅಚ್ಚಾಗುತ್ತದೆ. ಅನುಮಾನ ಇದ್ದಲ್ಲಿ ಕಾಮೆಂಟ್, ಖಚಿತ ಇದ್ದಲ್ಲಿ ತಿದ್ದು. ಈ ಗೆರೆಯನ್ನು ನಾನು ದಾಟುವುದಿಲ್ಲ.

ಲೇಖಕಿ ಕಾಗುಣಿತ, ವ್ಯಾಕರಣ, ಪೂರ್ಣವಿರಾಮ ಮೂರನ್ನೂ ಒಪ್ಪಿದರು. 'ಕೊಳೆಯದಿರಲು' ಬೇಡ ಅಂದರು. ಕಾಮೆಂಟಿಗೆ "ಮಳೆಗಾಲದಲ್ಲಿ ಮಾತ್ರ ದಿನಾ ಹಾಕಬಾರದು ಅಂತ ಹೇಳಬೇಕಿತ್ತು" ಎಂದು ಉತ್ತರ ಬರೆದು, ವಾಕ್ಯಕ್ಕೆ 'ಮಳೆಗಾಲದಲ್ಲಿ' ಅನ್ನುವ ಪದವನ್ನು ತಾವೇ ಸೇರಿಸಿದರು. ಇಡೀ ವಾಕ್ಯವನ್ನು ನಾನು ತಿರುಗಿ ಬರೆದಿದ್ದರೆ, 'ಕೊಳೆಯದಿರಲು' ಬೇಡ ಅಂದ ಕೂಡಲೇ ಕಾಗುಣಿತದ ತಪ್ಪೂ ವಾಪಸ್ ಬಂದು ಕೂರುತ್ತಿತ್ತು.

ಹಾಗಂತ ಎಲ್ಲವನ್ನೂ ಚೂರು ಚೂರು ಮಾಡಬಾರದು. ಕನ್ನಡದಲ್ಲಿ ಇದರ ಮಿತಿ ಪದ. ಅದಕ್ಕಿಂತ ಕೆಳಗೆ ಇಳಿಯಬೇಡಿ. 'ನಿರು' ತಿದ್ದುವಾಗ ಗುಡಿಸನ್ನು ಮಾತ್ರ ಅಳಿಸಿ ದೀರ್ಘ ಹಾಕಬಹುದು, ಫೈಲಿಗೆ ಅದು ಸರಿಯೇ. ಆದರೆ ಅಳಿಸಿದ ಗುಡಿಸು ಒಂದು ತುಂಡು, ಸೇರಿಸಿದ ದೀರ್ಘ ಇನ್ನೊಂದು ತುಂಡು ಆಗುತ್ತವೆ. ಅಕ್ಷರ ಮಧ್ಯದಲ್ಲಿ ಒಡೆಯುವುದರಿಂದ ಎಷ್ಟೋ ಸಲ ಪರದೆಯ ಮೇಲೆ ಚುಕ್ಕಿಗಳ ವೃತ್ತದ ಜೊತೆ ಒಂಟಿ ಸ್ವರಚಿಹ್ನೆ ಕಾಣುತ್ತದೆ. ಒತ್ತಕ್ಷರ ಇದ್ದರೆ ಇನ್ನೂ ಕಷ್ಟ. ಲೇಖಕರಿಗೆ ಏನು ಬದಲಾಯಿತು ಅಂತಲೇ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಪದದ ಮೇಲೆ ಡಬಲ್ ಕ್ಲಿಕ್ ಮಾಡಿ ಪೂರ್ತಿ ಪದವನ್ನು ಮತ್ತೆ ಟೈಪ್ ಮಾಡುತ್ತೇನೆ. ಹಳೆಯ ಪದದ ಮೇಲೆ ಗೆರೆ, ಪಕ್ಕದಲ್ಲಿ ಹೊಸ ಪದ. ಒಂದೇ ನೋಟಕ್ಕೆ ಅರ್ಥವಾಗುತ್ತದೆ.

ಇನ್ನೊಂದು ಮಿತಿ ಮೇಲಿನ ಕಡೆಯಿಂದ ಬರುತ್ತದೆ. ಕೆಲವು ತಿದ್ದುಗಳು ಒಂದನ್ನೊಂದು ಹಿಡಿದುಕೊಂಡೇ ಇರುತ್ತವೆ. ಅದೇ ಕರಡಿನ ಇನ್ನೊಂದು ವಾಕ್ಯ: "ಗಿಡವನ್ನು ನೆರಳಿಗೆ ತಂದು ಎರಡು ದಿನ ನೀರು ಹಾಕದೆ ಬಿಟ್ಟು ಆಮೇಲೆ ಮಣ್ಣು ಮುಟ್ಟಿ ನೋಡಬೇಕು." ನಾನು ಇದನ್ನು ಮೂರು ವಾಕ್ಯ ಮಾಡಬೇಕು ಅಂದುಕೊಂಡೆ: "ಗಿಡವನ್ನು ನೆರಳಿಗೆ ತನ್ನಿ. ಎರಡು ದಿನ ನೀರು ಹಾಕದೆ ಬಿಡಿ. ಆಮೇಲೆ ಮಣ್ಣು ಮುಟ್ಟಿ ನೋಡಿ." ಇಲ್ಲಿ ಬದಲಾಗುವುದು ಮೂರೇ ಕ್ರಿಯಾಪದ. ಆದರೆ ಬಿಡಿಬಿಡಿಯಾಗಿ ತಿದ್ದಿದಾಗ ಲೇಖಕರು ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ಬಿಟ್ಟರೆ ಏನಾಗುತ್ತದೆ ನೋಡಿ: "ನೆರಳಿಗೆ ತನ್ನಿ. ಎರಡು ದಿನ ನೀರು ಹಾಕದೆ ಬಿಟ್ಟು ಆಮೇಲೆ ಮಣ್ಣು ಮುಟ್ಟಿ ನೋಡಿ." ಓದಲು ತೊಂದರೆಯಿಲ್ಲ. ಮೂರನೆಯದನ್ನು ಮಾತ್ರ ಬಿಟ್ಟರೆ 'ತನ್ನಿ', 'ಬಿಡಿ', ಕೊನೆಗೆ 'ನೋಡಬೇಕು'. ಧಾಟಿ ಕೆಟ್ಟಿತು. ಇಂಥ ಕಡೆ 'ತಂದು' ಇಂದ 'ನೋಡಬೇಕು' ತನಕ ಆಯ್ಕೆ ಮಾಡಿ ಒಟ್ಟಿಗೇ ಬದಲಿಸುತ್ತೇನೆ. ಅದು ನಿಜವಾಗಿಯೂ ಒಂದೇ ತೀರ್ಮಾನ, ಒಂದೇ ತಿದ್ದಾಗಿ ಕಾಣಲಿ.

ಈಗ ವರ್ಡ್‌ನ ಒಂದು ಗುಣದ ಬಗ್ಗೆ ಹೇಳಲೇಬೇಕು. ಹೊಸದಾಗಿ ಬಳಸುವ ಲೇಖಕರು ಹೆಚ್ಚಾಗಿ ಎಡವುವುದು ಇಲ್ಲೇ. ಪದ ಬದಲಿಸುವುದು ನಮಗೆ ಒಂದು ಕೆಲಸ. ವರ್ಡ್‌ಗೆ ಅದು ಎರಡು: ಹಳೆಯ ಪದದ ಅಳಿಸುವಿಕೆ, ಹೊಸ ಪದದ ಸೇರ್ಪಡೆ. ಹಳೆಯ ಪದದ ಮೇಲೆ ರೈಟ್ ಕ್ಲಿಕ್ ಮಾಡಿದರೆ Accept Deletion ಅಂತ ಬರುತ್ತದೆ, ಹೊಸದರ ಮೇಲೆ ಮಾಡಿದರೆ Accept Insertion ಅಂತ. ಅಳಿಸುವುದನ್ನು ಒಪ್ಪಿ ಸೇರಿಸುವುದನ್ನು ಬೇಡ ಅಂದರೆ ಎರಡೂ ಪದ ಹೋಗುತ್ತವೆ. ಅದರ ತಿರುಗುಮುರುಗು ಮಾಡಿದರೆ ಎರಡೂ ಉಳಿದು "ಮಾಡುತ್ತವೆಮಾಡುತ್ತದೆ" ಅಂತ ನಿಲ್ಲುತ್ತದೆ. ಈ ಕರಡಿನ ಲೇಖಕಿಯೇ ಫೋನ್ ಮಾಡಿ "ಒಪ್ಪಿದ ಮೇಲೆ ಪದವೇ ಕಾಣ್ತಿಲ್ಲವಲ್ಲ?" ಎಂದು ಕೇಳಿದ್ದರು. "ಮೇಡಂ, ಎರಡೂ ಪದ ಸೇರಿಸಿ ಮೌಸ್‌ನಲ್ಲಿ ಆಯ್ಕೆ ಮಾಡಿ, ಆಮೇಲೆ ಮೇಲಿನ Accept ಒಂದೇ ಸಲ ಒತ್ತಿ" ಅಂದೆ. ಬೇಡ ಅಂದರೆ ಅದೇ ರೀತಿ Reject. ಈಗ ಫೈಲ್ ಕಳಿಸುವಾಗಲೇ ಇದನ್ನು ಬರೆದು ಕಳಿಸುತ್ತೇನೆ.

ಗೂಗಲ್ ಡಾಕ್ಸ್‌ನಲ್ಲಿ ಈ ತೊಂದರೆ ಇಲ್ಲ. ಅಲ್ಲಿ Suggesting ಮೋಡ್‌ನಲ್ಲಿ ಪದ ಬದಲಿಸಿದರೆ ಪಕ್ಕದ ಪೆಟ್ಟಿಗೆಯಲ್ಲಿ ಹಳೆಯದು, ಹೊಸದು ಎರಡೂ ಒಟ್ಟಿಗೆ ಕಾಣುತ್ತವೆ. ಒಂದೇ ಟಿಕ್, ಒಂದೇ X ಗುರುತು. ಲೇಖಕರಿಗೆ ನಾನು ಇನ್ನೊಂದು ಮಾತು ಹೇಳುತ್ತೇನೆ: ನನಗೆ Editor ಹಕ್ಕು ಕೊಡಬೇಡಿ, Commenter ಹಕ್ಕು ಸಾಕು. ಆಗ ನಾನು ಏನೇ ಟೈಪ್ ಮಾಡಿದರೂ ಅದು ಸಲಹೆಯಾಗಿಯೇ ಬೀಳುತ್ತದೆ. ಮೋಡ್ ಬದಲಾಗಿದೆಯಾ ಅಂತ ಯಾರೂ ಕಾಯಬೇಕಾಗಿಲ್ಲ.

ವರ್ಡ್‌ನಲ್ಲಿ ಅಷ್ಟು ಸಲೀಸಲ್ಲ. ಹೊಸ ಆವೃತ್ತಿಗಳಲ್ಲಿ Track Changes ಕೆಳಗೆ For Everyone, Just Mine ಅಂತ ಎರಡು ಇರುತ್ತವೆ. ಹಂಚಿಕೊಂಡ ಫೈಲಿನಲ್ಲಿ ಮೊದಲನೆಯದನ್ನೇ ಹಾಕಿ. ಇಲ್ಲದಿದ್ದರೆ ನನ್ನ ತಿದ್ದುಗಳಿಗೆ ಮಾತ್ರ ಬಣ್ಣ ಬಂದು, ಲೇಖಕರು ಸೇರಿಸಿದ 'ಮಳೆಗಾಲದಲ್ಲಿ' ಗುರುತೇ ಇಲ್ಲದೆ ಒಳಗೆ ಸೇರಿಬಿಡುತ್ತದೆ. ಮತ್ತೊಬ್ಬರು ಅದನ್ನು ನೋಡಬೇಕು ಅಂದರೆ ಗೊತ್ತಾಗುವುದು ಹೇಗೆ? ಅದೇ ಮೆನುವಿನಲ್ಲಿ Lock Tracking ಕೂಡ ಇದೆ. ಪಾಸ್‌ವರ್ಡ್ ಹಾಕಿದರೆ ಯಾರೂ ಟ್ರ್ಯಾಕಿಂಗ್ ಆಫ್ ಮಾಡಲಾರರು. ಆದರೆ ಲಾಕ್ ಇರುವ ತನಕ Accept, Reject ಕೂಡ ಕೆಲಸ ಮಾಡುವುದಿಲ್ಲ. ಲೇಖಕರ ಸರದಿ ಬಂದಾಗ ಅದನ್ನು ತೆಗೆಯಲೇಬೇಕು.

ತಿದ್ದಲು ಕೂರುವ ಮೊದಲು ಒಂದು ಸಣ್ಣ ಸಿದ್ಧತೆ ಮಾಡಿಕೊಳ್ಳುತ್ತೇನೆ. ಮೂಲ ಫೈಲಿನ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಎತ್ತಿಡುತ್ತೇನೆ. Advanced Options ಒಳಗೆ Track formatting ಮುಂದಿನ ಟಿಕ್ ತೆಗೆಯುತ್ತೇನೆ. ಇಲ್ಲದಿದ್ದರೆ ಫಾಂಟ್, ಅಂಚು ಸರಿಮಾಡಿದ್ದಕ್ಕೆಲ್ಲ ಒಂದೊಂದು ಗುರುತು ಬಿದ್ದು, ಪುಟದ ಬದಿ ತುಂಬಿಹೋಗುತ್ತದೆ. ಆಮೇಲೆ ಜೋಡಿ ಸ್ಪೇಸ್, ವಿರಾಮ ಚಿಹ್ನೆಗೆ ಮೊದಲು ಬಿದ್ದ ಸ್ಪೇಸ್, ಬೇರೆ ಬೇರೆ ಥರದ ಉದ್ಧರಣ ಚಿಹ್ನೆ. ಇವನ್ನು ಗುರುತಿಲ್ಲದೆ ಸರಿಮಾಡಬಹುದಾ ಎಂದು ಲೇಖಕರನ್ನು ಬರವಣಿಗೆಯಲ್ಲೇ ಕೇಳುತ್ತೇನೆ. ಹೂಂ ಅಂದರೆ ಆ ಮೂರನ್ನು ಮಾತ್ರ ಟ್ರ್ಯಾಕಿಂಗ್ ಇಲ್ಲದೆ ಮುಗಿಸಿ, ಆಮೇಲೆ ಆನ್ ಮಾಡುತ್ತೇನೆ. ನಾಲ್ಕನೆಯದೊಂದನ್ನು ಆ ಪಟ್ಟಿಗೆ ಸುಮ್ನೆ ಸೇರಿಸುವುದಿಲ್ಲ. ಬೇಡ ಅಂದರೆ ಅವನ್ನೂ ಟ್ರ್ಯಾಕ್ ಮಾಡಿಯೇ ತಿದ್ದುತ್ತೇನೆ. ಮಾತು ಕೊಟ್ಟ ಮೇಲೆ ಅಷ್ಟೇ ಅಲ್ವಾ.

ಲೇಖಕರು ಮುಗಿಸಿ ವಾಪಸ್ ಕಳಿಸಿದ ಮೇಲೆ ಇನ್ನೊಂದು ಸುತ್ತಿನ ಕೆಲಸ ಉಳಿದಿರುತ್ತದೆ. ಒಪ್ಪಿದ್ದು ಬಿಟ್ಟದ್ದು ಸೇರುವ ಜಾಗದಲ್ಲಿ ಸ್ಪೇಸ್ ಎಡವಟ್ಟಾಗುತ್ತದೆ. ಪದ ಅಳಿಸುವಾಗ ಪಕ್ಕದ ಸ್ಪೇಸನ್ನು ಮುಟ್ಟದೆ, ಹೊಸ ಪದವನ್ನು ಸ್ಪೇಸ್ ಇಲ್ಲದೆ ಹಾಕಿರುತ್ತೇನೆ. ಒಂದನ್ನು ಮಾತ್ರ ಒಪ್ಪಿದಲ್ಲಿ ಎರಡು ಸ್ಪೇಸ್ ಉಳಿಯುತ್ತದೆ, ಇಲ್ಲವೇ ಎರಡು ಪದ ಅಂಟಿಕೊಳ್ಳುತ್ತವೆ. ಜೋಡಿ ಸ್ಪೇಸನ್ನು ಹುಡುಕಿ ತೆಗೆಯಬಹುದು. ಅಂಟಿದ ಪದಗಳನ್ನು ಕಣ್ಣಿನಿಂದಲೇ ಓದಿ ಹಿಡಿಯಬೇಕು.

ಇಲ್ಲಿ ಎಲ್ಲರನ್ನೂ ಮೋಸಗೊಳಿಸುವುದು No Markup ಅನ್ನುವ ನೋಟ. ಅದನ್ನು ಒತ್ತಿದರೆ ಬಣ್ಣ, ಗೆರೆ ಎಲ್ಲ ಮಾಯವಾಗಿ ಪುಟ ಅಚ್ಚುಕಟ್ಟಾಗಿ ಕಾಣುತ್ತದೆ. ತಿದ್ದುಗಳು ಮಾತ್ರ ಒಳಗೆ ಹಾಗೇ ಇರುತ್ತವೆ. ಅದೇ ಫೈಲನ್ನು ಬೇರೆಯವರು All Markup ಹಾಕಿ ತೆರೆದರೆ ಅಳಿಸಿದ ಸಾಲುಗಳೂ ಕಾಮೆಂಟುಗಳೂ ಎದ್ದು ಬರುತ್ತವೆ. ಆದ್ದರಿಂದ Reviewing Pane ತೆರೆದು ಉಳಿದ ತಿದ್ದುಗಳ ಲೆಕ್ಕ ಸೊನ್ನೆ ಆಗಿದೆಯಾ ಅಂತ ನೋಡುತ್ತೇನೆ. ಸೊನ್ನೆ ಆಗಿರದಿದ್ದರೆ Accept All ಒತ್ತುವುದಿಲ್ಲ. ಉಳಿದಿರುವುದು ಲೇಖಕರು ಇನ್ನೂ ನೋಡದ ತಿದ್ದುಗಳು. ಯಾವ ಪುಟದಲ್ಲಿ ಅಂತ ಬರೆದು ಅವರಿಗೇ ವಾಪಸ್ ಕಳಿಸುತ್ತೇನೆ.

ಎಲ್ಲ ತೀರ್ಮಾನವಾದ ಮೇಲೆ ಎತ್ತಿಟ್ಟ ಮೂಲ ಪ್ರತಿಯನ್ನು ತೆಗೆದು, Review ಒಳಗಿನ Compare ಮೂಲಕ ಕೊನೆಯ ಪ್ರತಿಯ ಜೊತೆ ಹೋಲಿಸುತ್ತೇನೆ. ವರ್ಡ್ ಎರಡರ ನಡುವಿನ ವ್ಯತ್ಯಾಸವನ್ನೆಲ್ಲ ಹೊಸ ಫೈಲಿನಲ್ಲಿ ಗುರುತು ಮಾಡಿ ತೋರಿಸುತ್ತದೆ. ಲೇಖಕರು ಒಪ್ಪಿದ್ದು, ಅವರೇ ಸೇರಿಸಿದ್ದು, ನಾವು ಮೊದಲೇ ಮಾತಾಡಿಕೊಂಡ ಸ್ಪೇಸ್ ಮತ್ತು ಚಿಹ್ನೆಗಳು, ಸರಿಮಾಡಿದ ಫಾಂಟ್ ಮತ್ತು ಅಂಚು, ಸೇರುವ ಜಾಗದ ಸ್ಪೇಸ್‌ಗಳು, ಇಷ್ಟೇ ಅದರಲ್ಲಿ ಕಾಣಬೇಕು. ಇವಕ್ಕೆ ಸೇರದ ಒಂದು ಬದಲಾವಣೆ ಕಂಡರೂ ಅದನ್ನು ತಿದ್ದಾಗಿ ಮತ್ತೆ ಹಾಕಿ, ಫೈಲನ್ನು ಲೇಖಕರಿಗೆ ಇನ್ನೊಮ್ಮೆ ತೋರಿಸುತ್ತೇನೆ. ಹೋಲಿಸಿ ಸಿಕ್ಕ ಆ ಫೈಲನ್ನೂ ಅವರಿಗೆ ಕಳಿಸುತ್ತೇನೆ, ಕೊನೆಯ ಪ್ರತಿಯ ಜೊತೆಗೇ.