ಕೈ ಎತ್ತಿಸುವ ಪ್ರಶ್ನೆಯನ್ನು ನಾನು ಹೇಗೆ ಬರೆದುಕೊಳ್ಳುತ್ತೇನೆ

ಪಾಸ್‌ವರ್ಡ್ ಸುರಕ್ಷತೆ ಬಗ್ಗೆ ನಾನು ಆಗಾಗ ಮಾತಾಡುತ್ತೇನೆ. ಸಭಿಕರನ್ನು ಸೇರಿಸಿಕೊಳ್ಳುವ ಜಾಗವನ್ನು ಉಳಿದ ಭಾಷಣಕ್ಕಿಂತ ಜಾಸ್ತಿ ಬಿಗಿಯಾಗಿ ಬರೆದುಕೊಳ್ಳುತ್ತೇನೆ. ಅಲ್ಲಿ ಮಾತು ಅರ್ಧ ಅವರ ಕೈಯಲ್ಲಿರುತ್ತದಲ್ವಾ?

‘ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆ ಬಳಸುವವರು ಯಾರು?’ ಅಂತ ನೇರವಾಗಿ ಕೇಳಿದರೆ ಸಭೆ ಸುಮ್ಮನೆ ಕೂತಿರುತ್ತದೆ. ಒಂದು, ಅದು ತಪ್ಪೊಪ್ಪಿಗೆ ಇದ್ದಂತೆ. ಎರಡು, ಉತ್ತರ ಕೊಡಬೇಕೋ ಸುಮ್ನೆ ಕೇಳಿಸಿಕೊಳ್ಳಬೇಕೋ ಗೊತ್ತಾಗುವುದಿಲ್ಲ. ಹಾಗಾಗಿ ನನ್ನ ಹಾಳೆಯಲ್ಲಿ ಹೀಗಿರುತ್ತದೆ:

‘ಈಗ ಕೈ ಎತ್ತುವ ಕೆಲಸ. (ನನ್ನ ಕೈ ಮೇಲೆ) ಒಮ್ಮೆಯಾದರೂ ಪಾಸ್‌ವರ್ಡ್ ಮರೆತವರು? (ನಿಲ್ಲು) ಕೈ ಹಾಗೇ ಇರಲಿ. ಮರೆಯಬಾರದು ಅಂತ ಒಂದನ್ನೇ ಎರಡು ಮೂರು ಕಡೆ ಇಟ್ಟವರು ಇಳಿಸಬೇಡಿ, ಉಳಿದವರು ಇಳಿಸಿ.’

ಏನು ಮಾಡಬೇಕು ಅನ್ನುವುದು ಮೊದಲು, ಪ್ರಶ್ನೆ ಆಮೇಲೆ. ಮೊದಲ ಪ್ರಶ್ನೆಗೆ ಹೆಚ್ಚುಕಮ್ಮಿ ಎಲ್ಲರ ಕೈಯೂ ಏಳುತ್ತದೆ, ಮುಜುಗರವಿಲ್ಲ. ಎರಡನೆಯದಕ್ಕೆ ಹೊಸದಾಗಿ ಕೈ ಎತ್ತುವ ಧೈರ್ಯ ಬೇಕಿಲ್ಲ, ಇಳಿಸದಿದ್ದರೆ ಸಾಕು. ‘ನಿಲ್ಲು’ ಅಂದರೆ ಮನಸ್ಸಿನಲ್ಲೇ ನಿಧಾನವಾಗಿ ಐದರವರೆಗೆ ಎಣಿಸುವುದು. ವೇದಿಕೆ ಮೇಲೆ ಅದು ಒಂದು ಯುಗ ಅನ್ನಿಸುತ್ತದೆ. ಕೆಳಗೆ ಕೂತವರಿಗೆ ನೆನಪು ಮಾಡಿಕೊಂಡು, ಅಕ್ಕಪಕ್ಕ ನೋಡಿ, ಕೈ ಎತ್ತಲು ಅಷ್ಟು ಹೊತ್ತು ಬೇಕೇ ಬೇಕು.

ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತೇನೆ, ಮುಂದಿನ ಸಾಲಿನವರಿಗೆ ಹಿಂದಿನ ಕೈಗಳು ಕಾಣುವುದಿಲ್ಲ. ಇದಕ್ಕೆ ಎರಡು ಸಾಲು ಬರೆದಿಟ್ಟಿರುತ್ತೇನೆ. ಕೈ ಜಾಸ್ತಿ ಉಳಿದರೆ: ‘ಅರ್ಧಕ್ಕಿಂತ ಹೆಚ್ಚು ಜನ. ಅಷ್ಟೊಂದು ಪಾಸ್‌ವರ್ಡ್ ನೆನಪಿಡುವುದು ಯಾರಿಗೂ ಆಗುವ ಕೆಲಸವಲ್ಲ.’ ಕಡಿಮೆ ಉಳಿದರೆ: ‘ಕೆಲವೇ ಕೈ. ಉಳಿದವರು ಅಷ್ಟನ್ನೂ ಎಲ್ಲಿ ಇಟ್ಟುಕೊಳ್ಳುತ್ತೀರಿ?’ ಎರಡೂ ದಾರಿ, ಪಾಸ್‌ವರ್ಡ್‌ಗಳನ್ನೆಲ್ಲ ನಮ್ಮ ಬದಲು ನೆನಪಿಟ್ಟುಕೊಳ್ಳುವ ಆ್ಯಪ್, ಅಂದರೆ ಪಾಸ್‌ವರ್ಡ್ ಮ್ಯಾನೇಜರ್‌ಗೇ ಬಂದು ಸೇರುತ್ತವೆ. ಒಂದೇ ಉತ್ತರ ನಂಬಿಕೊಂಡು ಬರೆದ ಮುಂದಿನ ವಾಕ್ಯ, ಆ ಉತ್ತರ ಬರದಿದ್ದರೆ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಕೊನೆಗೆ ‘ಕೈ ಇಳಿಸಿ, ಥ್ಯಾಂಕ್ಸ್’ ಅನ್ನುವುದೂ ಹಾಳೆಯಲ್ಲಿರುತ್ತದೆ. ಇಲ್ಲದಿದ್ದರೆ ಕೆಲವರು ಪಾಪ, ಕೈ ಮೇಲಿಟ್ಟುಕೊಂಡೇ ಕೂತಿರುತ್ತಾರೆ.

ಆದರೆ ‘ಆನ್‌ಲೈನ್ ಮೋಸದಲ್ಲಿ ದುಡ್ಡು ಕಳೆದುಕೊಂಡಿದ್ದೀರಾ?’ ಅನ್ನುವುದಕ್ಕೆ ಕೈ ಎತ್ತಿಸುವುದಿಲ್ಲ. ಪಕ್ಕದಲ್ಲಿ ಬಾಸ್ ಕೂತಿರಬಹುದು. ಅದಕ್ಕೆ ಫೋನ್‌ನಲ್ಲಿ ಹೆಸರಿಲ್ಲದ ಪೋಲ್. ಕ್ಯೂಆರ್ ಕೋಡನ್ನು ಪರದೆ ಮೇಲೆ ಹಾಕಿ, ಜನ ಸ್ಕ್ಯಾನ್ ಮಾಡುವ ಒಂದು ನಿಮಿಷಕ್ಕೆ ಒಂದು ಸಣ್ಣ ಪ್ರಸಂಗ ಹೇಳುತ್ತೇನೆ. ಮತ ಮುಗಿಯುವವರೆಗೆ ಫಲಿತಾಂಶ ಮುಚ್ಚಿಟ್ಟಿರುತ್ತೇನೆ, ಏರುವ ಪಟ್ಟಿ ಕಂಡರೆ ಜನ ಅದರ ಕಡೆಗೇ ವಾಲುತ್ತಾರೆ. ನೆಟ್ ಕೈಕೊಟ್ಟರೆ ಅಂತ ಪ್ರಶ್ನೆಯ ಇನ್ನೊಂದು ರೂಪವೂ ಬರೆದಿರುತ್ತದೆ: ‘ಹೀಗೆ ಮೋಸ ಹೋದ ಯಾರಾದರೂ ಒಬ್ಬರು ನಿಮಗೆ ಗೊತ್ತಾ?’ ಇದಕ್ಕೆ ಬಾಸ್ ಕೂಡ ಕೈ ಎತ್ತುತ್ತಾರೆ.