ಆಲೂಗಡ್ಡಿ ತೇಲೋ ನೀರಾಗ ಅಂಬರ್ ಮಣಿ ಬಿಟ್ಟು ನೋಡ್ರಿ

ನಮ್ಮ ಮೊಮ್ಮಗಳು ಕೂಸಿಗೆ ಹಲ್ಲು ಬರ್ಲಿಕತ್ತಾವಂತ ಮೊಬೈಲ್‌ನಾಗ ನೋಡಿ ಒಂದು ಅಂಬರ್ ಮಣಿಸರ ತರಿಸಿದ್ಳು. ಕೊರಳಿಗೆ ಕಟ್ಟಿದ್ರ ಹಲ್ಲಿನ ನೋವು ಹೋಗ್ತದಂತ. ಮೊದಲ ಮಾತು, ಕೂಸಿನ ಕೊರಳಿಗೆ ಮಣಿಸರ ಕಟ್ಟಬ್ಯಾಡ್ರಿ, ಅದು ಖರೇದೇ ಇರಲಿ, ಸುಳ್ಳೇ ಇರಲಿ. ನಿದ್ದಿಯಾಗ ಸಿಕ್ಕೊಂಡು ಬಿಗೀತದ, ಹರದ್ರ ಮಣಿ ಗಂಟಲಕ್ಕ ಹೋಗ್ತದ. ಎರಡನೇ ಮಾತು, ರೊಕ್ಕ ಕೊಡೋಕಿಂತ ಮೊದಲ ಅಲ್ಲ, ಕೊಟ್ಟ ಮ್ಯಾಲ "ಆಯಿ, ಇದು ಖರೇ ಅಂಬರ್ ಹೌದೇನು?" ಅಂತ ಕೇಳ್ತಾರಲ್ಲ ಈಗಿನ ಹುಡುಗ್ಯಾರು, ಅದಕ್ಕ ನನಗ ಸಿಟ್ಟು ಬರ್ತದ.

ಅಂಬರ್ ಅಂದ್ರ ಕಲ್ಲಲ್ಲ. ಬಾಣಂತಿಗೆ, ಕೂಸಿಗೆ ಲೋಬಾನದ ಹೊಗಿ ಹಾಕ್ತೀವಲ್ಲ, ಅಂಥದೇ ಗಿಡದ ರಾಳ. ಕೋಟಿಗಟ್ಟಲೆ ವರ್ಷ ಮಣ್ಣಾಗ ಕೂತು ಗಟ್ಟಿಯಾದದ್ದು. ಬಾಲ್ಟಿಕ್ ಸಮುದ್ರದ ದಂಡಿ ಕಡಿ ಸಿಗೋದು ಸುಮಾರು 4 ಕೋಟಿ ವರ್ಷ ಹಳೇದು. ಕಲಬುರಗಿಯಾಗ ಹಳೇ ಮಂದಿ ಇದಕ್ಕ ಕಹರುಬಾ ಅಂತಿದ್ರು. ಬಾಜೂ ಮನಿ ಆಪಾನ ಹತ್ರ ಅವರ ಅಜ್ಜನ ಕಹರುಬಾದ ತಸ್ಬಿ ಅದ. ದಾರ ಹರದಾಗ ಉಳಿದ ಒಂದು ಮಣಿ ಆಕಿ ಡಬ್ಬಿಯಾಗ ಇಟ್ಟಾಳ. ಅದನ್ನೇ ಇಸಗೊಂಡು ಬಂದೆ. ಖರೇ ಮಾಲು ಒಂದು ಪಕ್ಕದಾಗ ಇದ್ರ ಅರ್ಧ ಕೆಲಸ ಆದಂಗ.

ಮೊಮ್ಮಗಳು ಸೂಜಿ ಕಾಸಿ ಚುಚ್ಚಲಿಕ್ಕೆ ನಿಂತಿದ್ಳು. ಮೊಬೈಲ್‌ನಾಗ ಅದನ್ನೂ ಹೇಳ್ಯಾರಂತ. ಕೈಯಾಗಿಂದು ಕಸಗೊಂಡೆ. ಖರೇ ಇದ್ರ ಮಣಿಗೆ ತೂತು ಬೀಳ್ತದ. ಸೆಲ್ಯುಲಾಯ್ಡ್ ಅನ್ನೋ ಹಳೇ ಪ್ಲಾಸ್ಟಿಕ್ ಇದ್ರ ಭಗ್ ಅಂತ ಹತ್ಕೋತದ. ಉಣ್ಣಿ ಬಟ್ಟಿಗೆ ತಿಕ್ಕಿ ಕಾಗದದ ಚೂರು ಎಳಿತದೇನು ನೋಡೋದೂ ಬ್ಯಾಡ, ಪ್ಲಾಸ್ಟಿಕ್ ಬಾಚಣಿಕೀನೂ ಎಳಿತದ.

ನೀರಿನ ಪರೀಕ್ಷಾ ಮಾಡ್ರಿ. ಎಲ್ಲಾರೂ "ಉಪ್ಪುನೀರಾಗ ಹಾಕು, ತೇಲಿದ್ರ ಖರೇ" ಅಂತ ಹೇಳಿ ಕೈ ತೊಳಕೋತಾರ. ಉಪ್ಪು ಎಷ್ಟು? ಅಲ್ಲೇ ಮೋಸ ಆಗೋದು. ಕಡಿಮಿ ಹಾಕಿದ್ರ ಖರೇ ಅಂಬರೂ ಮುಳಗ್ತದ. ತಳದಾಗ ಉಪ್ಪು ಉಳಿಯೋವಷ್ಟು ಹಾಕಿದ್ರ ಅಕ್ರಿಲಿಕ್ ಪ್ಲಾಸ್ಟಿಕ್ಕೂ ಮ್ಯಾಲ ಬಂದು ಕೂಡ್ತದ. ಅದಕ್ಕ ನಾ ಆಲೂಗಡ್ಡಿ ಇಟ್ಕೋತೀನಿ. ಒಂದೇ ಗಾತ್ರದ ಚೂರು ಹಿಡಿದ್ರ ಆಲೂಗಡ್ಡಿ ತೂಕ, ಅಂಬರ್ ತೂಕ ಹೆಚ್ಚುಕಡಿಮಿ ಒಂದೇ, ನೀರಿಗಿಂತ ಒಂಚೂರು ಜಡ. ಅಗಲ ಬಾಯಿ ಗಾಜಿನ ಬರಣಿಯಾಗ ಒಂದು ತಂಬಗಿ ನೀರು ಹಾಕಿ ಸಣ್ಣ, ಗಟ್ಟಿ ಆಲೂಗಡ್ಡಿ ಬಿಡ್ರಿ, ಮುಳಗ್ತದ. ಹಿಡಿ ಹಿಡಿ ಉಪ್ಪು ಹಾಕಿ ತಿರುವ್ರಿ, ಪೂರಾ ಕರಗೋತನಕ ಕಾಯ್ರಿ. ಆಲೂಗಡ್ಡಿ ಮೆಲ್ಲಕ ತಳ ಬಿಟ್ಟು ಏಳ್ತದ. ಎದ್ದ ಮ್ಯಾಲ ಮತ್ತ ಅರ್ಧ ಹಿಡಿ ಹಾಕ್ರಿ, ಅದರ ನೆತ್ತಿ ನೀರಿನ ಮ್ಯಾಲ ಕಾಣಬೇಕು. ಅಷ್ಟು ಸಾಕು. (ನಿಂಬಿಕಾಯಿ ಉಪ್ಪಿನ್ಯಾಗ ಹಾಕೋವಾಗೂ ಹಿಂಗ ಕರಗೋತನಕ ಕಾಯ್ರಿ. ಕರಗದ ಹರಳು ತಳದಾಗ, ಬೂಷ್ಟು ಮ್ಯಾಲ, ಆಮ್ಯಾಲ ನಿಂಬಿಕಾಯಿಗೆ ಬೈತೀರಿ.)

ಇನ್ನ ಮಣಿ. ಸರ ಇದ್ದಂಗೇ ಮುಳಗಿಸಬ್ಯಾಡ್ರಿ, ಕೊಂಡಿ ಎಳಿತದ. ನಾಲ್ಕೈದು ಮಣಿ ಬಿಚ್ಚಕೊಳ್ರಿ. ಒಂದೊಂದರ ತೂತಿನ್ಯಾಗ ಒದ್ದಿ ದಾರ ಹಾಕಿ ಎರಡು ಸಲ ಎಳದು ಆ ದಾರ ತೆಗೀರಿ, ಯಾಕಂದ್ರ ತೂತಿನ್ಯಾಗ ಗಾಳಿಗುಳ್ಳಿ ಕೂತಿದ್ರ ಪ್ಲಾಸ್ಟಿಕ್ ಮಣಿನೂ ತೇಲ್ತದ. ಹೊರಗೂ ಗುಳ್ಳಿ ಹತ್ತಿದ್ರ ಬೆರಳಿಲೆ ಸವರಿ, ನೀರಿನ ನಡುವ ಒಯ್ದು ಬಿಡ್ರಿ. ಮ್ಯಾಲಿಂದ ಟಪ್ ಅಂತ ಒಗಿಬ್ಯಾಡ್ರಿ. ಆಪಾನ ಮಣಿ ಬಿಟ್ಟೆ, ಮೆಲ್ಲಕ ಮ್ಯಾಲ ಬಂತು. ಮೊಮ್ಮಗಳ ಐದರಾಗ ನಾಲ್ಕು ಸೀದಾ ತಳಕ್ಕ. ಐದನೇದು ತೇಲ್ತು. "ನೋಡು ಆಯಿ!" ಅಂತ ಕುಣದ್ಳು. ತೆಗದು ಮತ್ತ ದಾರ ಎಳದೆ, ಸಣ್ಣ ಗುಳ್ಳಿ ಹೊರಗ ಬಂತು, ಅದೂ ಮುಳಗ್ತು.

ತೇಲಿದ ಮಾತ್ರಕ್ಕ ಖರೇ ಅಂತಲ್ಲ. ಕೋಪಾಲ್ ಅಂತ ಇನ್ನೂ ಮಾಗದ ಎಳೇ ರಾಳ ಇರ್ತದ, ಅದೂ ತೇಲ್ತದ. ಪಾಲಿಸ್ಟೈರೀನ್ ಅನ್ನೋ ಹಗುರ ಪ್ಲಾಸ್ಟಿಕ್ಕೂ ತೇಲ್ತದ. ಮಣಿ ತೊಳದು ಒರಸ್ರಿ. ಉಗುರಿನ ಬಣ್ಣ ತೆಗಿಯೋ ರಿಮೂವರ್, ಅಸಿಟೋನ್ ಇರೋದೇ ಬೇಕು, ಹತ್ತಿಗೆ ಒಂದು ಹನಿ ಹಾಕಿ ತೂತಿನ ಅಂಚಿಗೆ ಅರ್ಧ ನಿಮಿಷ ಹಿಡೀರಿ. ಬೆರಳಿಗೆ ಅಂಟಂಟು ಹತ್ತಿದ್ರ ಆ ಎರಡರಾಗ ಒಂದು ಅಂತ ತಿಳೀರಿ. ಖರೇ ಅಂಬರ್ ಅಷ್ಟಕ್ಕ ಅಂಟಾಗಂಗಿಲ್ಲ. ಅಂಬರಿನ ಚೂರು ಕೂಡಿಸಿ ಒತ್ತಿ ಮಾಡಿದ ಮಣಿ ಮಾತ್ರ ನೀರು, ಅಸಿಟೋನ್ ಎರಡೂ ಪರೀಕ್ಷಾದಾಗ ಪಾಸಾಗ್ತದ. ಅದನ್ನ ಲ್ಯಾಬಿನವರೇ ಹೇಳಬೇಕು.

ಹವಳಕ್ಕ ಬರ್ರಿ. ನಮ್ಮ ಕಡಿ ತಾಳಿ ಸರದಾಗ ಎರಡು ಹವಳ ಇಲ್ಲಂದ್ರ ಹೆಂಗ? ಹೊಸದಾಗಿ ಮದಿವ್ಯಾದಾಗ ಯಾರೋ ಹೇಳಿದ್ರಂತ ನನ್ನ ಹವಳಕ್ಕ ನಿಂಬಿಹಣ್ಣಿನ ರಸ ಬಿಟ್ಟೆ. ನೊರಿ ಬಂತು, ಖರೇ ಅಂತ ಖುಷಿಪಟ್ಟೆ. ಒರಸಿ ನೋಡಿದ್ರ ಅಲ್ಲಿ ಹೊಳಪು ಹೋಗಿ ಸುಣ್ಣದ ಕಲಿ ಬಿದ್ದಿತ್ತು. ನಮ್ಮತ್ತಿ ವಾರಗಟ್ಟಲೆ ಬೈದ್ಲು, ಬೈದದ್ದು ಬರೋಬ್ಬರಿನೇ. ಹವಳ ಅಂದ್ರ ಸುಣ್ಣದ ಜಾತಿ, ಹುಳಿ ಬಿದ್ರ ನೊರಿ ಬರ್ಲೇಬೇಕು. ಆದ್ರ ಮೋಸದ ಹವಳ ಅಂತ ಇವತ್ತ ಜಾಸ್ತಿ ಮಾರೋದು ಬಿದಿರು ಹವಳ ಅನ್ನೋ ಬ್ಯಾರೆ ಜಾತಿ ಹವಳಕ್ಕ ಕೆಂಪು ಬಣ್ಣ ಹಾಕಿದ್ದು. ಅದೂ ಸುಣ್ಣನೇ, ಅದಕ್ಕೂ ನೊರಿ ಬರ್ತದ. ಗಾಜು, ಪ್ಲಾಸ್ಟಿಕ್ ಬ್ಯಾರಿ ಮಾಡಬಹುದು ಅಷ್ಟೇ, ಹವಳ ಕೆಡಿಸಿ.

ಗಡಿಯಾರ ರಿಪೇರಿಯವರು ಕಣ್ಣಿಗೆ ಹಾಕೋ 10 ಪಟ್ಟಿನ ಭೂತಗನ್ನಡಿ ತಗೊಂಡು ಬಿಸಿಲಾಗ ನಿಲ್ರಿ. ಖರೇ ಕೆಂಪು ಹವಳದ ಮೈಮ್ಯಾಲ ಉದ್ದಕ್ಕ ಬಾಚಿದ ಕೂದಲಿನಂಗ ನವಿರು ಗೆರಿ ಇರ್ತಾವ. ಬಿದಿರು ಹವಳದ ಗೆರಿ ದಪ್ಪ, ಅದರಾಗ, ಸೀಳಿನ್ಯಾಗ, ತೂತಿನ ಅಂಚಿನ್ಯಾಗ ಬಣ್ಣ ಗಟ್ಟಿಯಾಗಿ ಕೂತಿರ್ತದ. ಗಾಜಿದ್ರ ಗೆರಿ ಇರಂಗಿಲ್ಲ, ದುಂಡನೆ ಗುಳ್ಳಿ ಕಾಣ್ತಾವ. ಅಸಿಟೋನಿನ ಹತ್ತಿ ತೂತಿನ ಹತ್ರ ಒರಸ್ರಿ, ಗುಲಾಬಿ ಆದ್ರ ಬಣ್ಣ ಹಾಕ್ಯಾರ. ಆಗಲಿಲ್ಲಂದ್ರ ಹಾಕಿಲ್ಲ ಅಂತಲ್ಲ, ಮ್ಯಾಲ ಮೇಣ ಹಚ್ಚಿರ್ತಾರ.

ಜೇಡ್ ಅನ್ನೋ ಹಸಿರು ಕಲ್ಲಿನ ಬಗ್ಗಿ ಜಾಸ್ತಿ ಹೇಳಂಗಿಲ್ಲ, ನಮ್ಮ ಮನ್ಯಾಗ ಇದ್ದದ್ದು ಒಂದೇ ಬಳಿ, ಅದೂ ಜೇಡ್ ಅಲ್ಲ. "ಇಂಡಿಯನ್ ಜೇಡ್" ಅಂತ ಕೊಟ್ಟಿದ್ರು. ಬಿಸಿಲಿಗೆ ಹಿಡಿದ್ರ ಒಳಗ ಅಭ್ರಕದಂಗ ಮಿಣಿಮಿಣಿ. ಅದು ಅವೆಂಚುರಿನ್ ಅನ್ನೋ ಹಸಿರು ಕಲ್ಲು, ಜೇಡಿನ ಹೆಸರಷ್ಟೇ ತಗೊಂಡದ. ತಣ್ಣಗ ಹತ್ತತದ ಅಂತ ನಂಬಬ್ಯಾಡ್ರಿ, ಗಾಜೂ ತಣ್ಣಗೇ. ತೂಕ ನೋಡ್ರಿ. ಪಾಯಿಂಟ್ ತೋರಿಸೋ ಸಣ್ಣ ತಕ್ಕಡಿ ಮ್ಯಾಲ ಬಳಿ ಇಟ್ಟೆ, 42 ಗ್ರಾಂ. ಬಳಿ ತೆಗದು ಬೋಗಾಣಿಯಾಗ ನೀರಿಟ್ಟು ತಕ್ಕಡಿ ಸೊನ್ನಿ ಮಾಡಿ, ದಾರಕ್ಕ ಕಟ್ಟಿದ ಬಳಿ ತಳ, ಬದಿ ಮುಟ್ಟಲಾರದಂಗ ನೀರಾಗ ಮುಳಗಿಸಿ ಹಿಡಿದೆ, 16 ತೋರಿಸ್ತು. 42ಕ್ಕ 16ರಿಂದ ಭಾಗಿಸಿದ್ರ 2.6, ಅಂದ್ರ ಅಷ್ಟೇ ಗಾತ್ರದ ನೀರಿಗಿಂತ 2.6 ಪಟ್ಟು ಜಡ. ಜೇಡಿನ್ಯಾಗ ಎರಡು ಜಾತಿ, ನೆಫ್ರೈಟ್ ಇದ್ರ 3ರ ಹತ್ರ, ಜೇಡೈಟ್ ಇದ್ರ 3.3ರ ಹತ್ರ ಬರಬೇಕಿತ್ತು. ಲೆಕ್ಕ ಬರೋಬ್ಬರಿ ಬಂದ್ರೂ ಒಳಗ ಅಂಟು ತುಂಬಿಸಿದ್ದು, ಬಣ್ಣ ಏರಿಸಿದ್ದು ಮನ್ಯಾಗ ತಿಳಿಯಂಗಿಲ್ಲ. ದೊಡ್ಡ ರೊಕ್ಕದ್ದಿದ್ರ ಲ್ಯಾಬಿನ ಚೀಟಿ ಕೇಳ್ರಿ, ಚೀಟಿಯಾಗ ಬರದ ತೂಕ ನಿಮ್ಮ ಕೈಯಾಗಿನ ಬಳೀದೇ ಹೌದೋ ಅಲ್ಲೋ ಅಂಗಡಿಯಾಗೇ ತೂಗಿಸಿ ನೋಡ್ರಿ.